ಗುಂಯ್‌ಗುಡುವ ಮಂಟಪದಲ್ಲಿ ಭಜನೆಯ ಮಾತು ಹಿಡಿಯುವುದು

ದೇವಸ್ಥಾನದ ಸಭಾಮಂಟಪದಲ್ಲಿ ಕೂತು ಭಜನೆ ಕೇಳುವಾಗ ದಾಸರ ಪದದ ಒಂದೊಂದು ಮಾತೂ ನಮಗೆ ತಿಳಿಯುತ್ತದೆ. ಅದೇ ಭಜನೆಯನ್ನು ಹಿಂದಿನ ಕಂಬದ ಹತ್ತಿರ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಹಾಕಿ ನೋಡಿ. ತಾಳ ಕಿವಿಗೆ ಹೊಡೆಯುತ್ತದೆ, ಹಾರ್ಮೋನಿಯಂ ಎಲ್ಲ ಕಡೆಯೂ ಹರಡಿಕೊಂಡಿರುತ್ತದೆ, ಮಾತು ಮಾತ್ರ ಕೈಗೆ ಸಿಗುವುದಿಲ್ಲ. ಕೊನೆಯ ಚರಣದಲ್ಲಿ ಬರುವ ಅಂಕಿತ ಪುರಂದರ ವಿಠಲನದೋ ಕಾಗಿನೆಲೆಯಾದಿಕೇಶವನದೋ ಎಂದು ಊಹಿಸಬೇಕಾಗುತ್ತದೆ.

ಇದಕ್ಕೆ ಅಗ್ಗದ ಮೊಬೈಲೇ ಕಾರಣ ಎಂದು ಎಷ್ಟೋ ಮಂಡಳಿಗಳು ಸಾವಿರಾರು ರೂಪಾಯಿಯ ಮೈಕು ತರಿಸುತ್ತವೆ. ಅದನ್ನೂ ಅದೇ ಕಂಬದ ಬಳಿ ಇಟ್ಟರೆ ಅದೇ ಫಲ. ಕಲ್ಲು, ಟೈಲ್ಸ್, ಸಿಮೆಂಟ್ ಗೋಡೆಗಳ ಕೋಣೆಯಲ್ಲಿ ರೆಕಾರ್ಡಿಂಗ್ ಚೆನ್ನಾಗಿ ಬರಲು ಮೈಕಿನ ಬೆಲೆಗಿಂತ ಅದು ನಿಂತ ಜಾಗ ಮುಖ್ಯ. ಜಾಗ ಸರಿಯಾಗಿದ್ದರೆ ಎರಡು ಸಾಧಾರಣ ಮೈಕುಗಳೇ ಸಾಕು.

ನೇರ ದನಿ, ತಿರುಗಿ ಬಂದ ದನಿ

ಹಾಡುವವರ ಬಾಯಿಂದ ಹೊರಟ ದನಿ ಮೈಕಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ನೇರ ದಾರಿ. ಇನ್ನೊಂದು ಗೋಡೆ, ಸೂರು, ನೆಲಗಳಿಗೆ ಬಡಿದು, ಮತ್ತೆ ಮತ್ತೆ ಚಿಮ್ಮಿ ಬರುವ ದಾರಿ. ಹೀಗೆ ಚಿಮ್ಮಿದ ಸಾವಿರಾರು ಪ್ರತಿಫಲನಗಳು ಒಂದರ ಮೇಲೊಂದು ಬಿದ್ದು ಆಗುವ ಗುಂಗಿಗೆ ಅನುರಣನ ಎನ್ನುತ್ತಾರೆ. ನಾವು ಮಂಟಪದಲ್ಲಿ ಕೂತಿರುವಾಗ ಎರಡು ಕಿವಿಗಳ ನೆರವಿನಿಂದ ಮಿದುಳು ಮೊದಲು ಬಂದ ದನಿಯನ್ನು ಹಿಡಿದುಕೊಂಡು ಉಳಿದದ್ದನ್ನು ಹಿಂದಕ್ಕೆ ಸರಿಸುತ್ತದೆ. ಮೈಕಿಗೆ ಆ ವಿವೇಚನೆ ಇಲ್ಲ. ಬಂದದ್ದನ್ನೆಲ್ಲ ಬಂದಷ್ಟೇ ಪ್ರಮಾಣದಲ್ಲಿ ಬರೆದುಕೊಳ್ಳುತ್ತದೆ.

ಈ ಎರಡು ದನಿಗಳ ಸ್ವಭಾವ ಬೇರೆ ಬೇರೆ. ನೇರ ದನಿ ಹಣತೆಯ ಬೆಳಕಿನ ಹಾಗೆ, ಹತ್ತಿರ ಹೋದಷ್ಟೂ ಪ್ರಖರ, ದೂರ ಸರಿದಷ್ಟೂ ಮಂದ. ದೂರ ಎರಡು ಪಟ್ಟಾದರೆ ಅದು 6 ಡೆಸಿಬೆಲ್ ಇಳಿಯುತ್ತದೆ. ಗುಂಗು ಹಾಗಲ್ಲ, ಕೋಣೆಯ ಯಾವ ಮೂಲೆಗೆ ಹೋದರೂ ಅದು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಹಾಗಾಗಿ ಹಾಡುವವರಿಂದ ಒಂದು ನಿರ್ದಿಷ್ಟ ದೂರದಲ್ಲಿ ಎರಡೂ ಸಮವಾಗುತ್ತವೆ. ಅದಕ್ಕಿಂತ ಒಳಗೆ ಬಂದರೆ ಮಾತು ಗೆಲ್ಲುತ್ತದೆ, ಹೊರಗೆ ಹೋದರೆ ಗುಂಗು ಗೆಲ್ಲುತ್ತದೆ. ಈ ಗಡಿಯನ್ನು ಲೆಕ್ಕ ಹಾಕಲು ಒಂದು ಸರಳ ಸೂತ್ರವಿದೆ:

ದೂರ (ಮೀಟರ್) = 0.057 × √(ಕೋಣೆಯ ಘನಮೀಟರ್ ÷ ಅನುರಣನದ ಸೆಕೆಂಡ್)

ಒಂದು ಮಂಟಪವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉದ್ದ 15 ಮೀಟರ್, ಅಗಲ 8, ಎತ್ತರ 4. ಒಟ್ಟು 480 ಘನಮೀಟರ್. ನೆಲಕ್ಕೆ ಟೈಲ್ಸ್, ಗೋಡೆಗೆ ಗಾರೆ, ಮೇಲೆ ಆರ್‌ಸಿಸಿ. ಅನುರಣನ 2 ಸೆಕೆಂಡ್ ಎಂದುಕೊಂಡರೆ ಗಡಿ ಸುಮಾರು 90 ಸೆಂಟಿಮೀಟರಿಗೇ ಬಂದು ನಿಲ್ಲುತ್ತದೆ. 15 ಮೀಟರ್ ಉದ್ದದ ಕೋಣೆಯಲ್ಲಿ ಒಂದು ಮೀಟರಿನಾಚೆ ಎಲ್ಲೆಲ್ಲೂ ಗುಂಗಿನದೇ ರಾಜ್ಯ! ಹಿಂದಿನ ಕಂಬದ ಬಳಿಯ ಮೈಕು ಸೋಲುವುದು ಇಲ್ಲೇ.

ಗಡಿಯನ್ನು ಹಿಗ್ಗಿಸಲು ಎರಡು ಉಪಾಯಗಳಿವೆ. ಮೊದಲನೆಯದು ಕೋಣೆಯ ಗುಂಗನ್ನೇ ತಗ್ಗಿಸುವುದು. ಎರಡನೆಯದು ಮುಂದಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ ಮೈಕನ್ನು ಬಳಸುವುದು.

ಮೊದಲು ಮಂಟಪವನ್ನು ಪಳಗಿಸುವುದು

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ್ದ ಒಂದು ಉಪನ್ಯಾಸ ಕೊಠಡಿಯಲ್ಲಿ ಯಾರು ಏನು ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಅಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ತೇಲಾಡುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಭೌತವಿಜ್ಞಾನದ ಅಧ್ಯಾಪಕರ ಪಾಲಿಗೆ ಬಂತು. ಅವರು ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು, ರಾತ್ರಿ ಹೊತ್ತು ಒಂದೊಂದಾಗಿ ಹರಡಿ, ದನಿ ಎಷ್ಟು ಬೇಗ ಆರುತ್ತದೆ ಎಂದು ಅಳೆದರು. ದನಿಯನ್ನು ಪೂರ್ತಿ ಹೊರಗೆ ಬಿಟ್ಟುಬಿಡುವ ತೆರೆದ ಕಿಟಕಿಯನ್ನೇ ಅವರು ಅಳತೆಗೋಲಾಗಿ ಇಟ್ಟುಕೊಂಡರು. ಕೋಣೆಯ ಶಬ್ದವಿನ್ಯಾಸವನ್ನು ಲೆಕ್ಕ ಹಾಕುವ ವಿದ್ಯೆ ಶುರುವಾದದ್ದು ಹೀಗೆ.

ಸೇಬಿನ್ನರ ಲೆಕ್ಕ ನಮ್ಮ ಮಂಟಪಕ್ಕೂ ಹೊಂದುತ್ತದೆ. ಖಾಲಿ ಇರುವಾಗ ಅದರ ನೆಲ, ಗೋಡೆ, ಸೂರುಗಳು ಹೀರುವ ದನಿ 13 ಚದರ ಮೀಟರ್ ತೆರೆದ ಕಿಟಕಿಗೆ ಸಮ. ಅನುರಣನ ಆರು ಸೆಕೆಂಡಿನ ಹತ್ತಿರ ಹೋಗುತ್ತದೆ. ಕೂತ ಒಬ್ಬ ಮನುಷ್ಯ ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ಕಿಟಕಿಯಷ್ಟು ದನಿ ಹೀರುತ್ತಾನೆ. ಹಾಡುವವರೂ ಕೇಳುವವರೂ ಸೇರಿ ನಲವತ್ತು ಜನ ಕೂತು, ಒಂದೂವರೆ ಚದರ ಮೀಟರಿನ ನಾಲ್ಕು ಕಿಟಕಿಗಳನ್ನು ನಿಜವಾಗಿಯೇ ತೆರೆದಿಟ್ಟರೆ ಆರು ಸೆಕೆಂಡು ಎರಡಕ್ಕೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ.

ಆದ್ದರಿಂದ "ರೆಕಾರ್ಡಿಂಗ್ ಇದೆ, ಗಲಾಟೆ ಬೇಡ" ಎಂದು ಕೇಳುಗರನ್ನು ಹೊರಗೆ ಕಳಿಸುವುದು ಒಳ್ಳೆಯ ಉಪಾಯವಲ್ಲ. ಸುಮ್ಮನೆ ಕೂರುವ ಇಪ್ಪತ್ತೈದು ಮೂವತ್ತು ಮಂದಿಯನ್ನು ಕರೆದು ಹಾಡುವವರ ಹಿಂದೆ ಕೂರಿಸಿ. ಜಮಖಾನ ಹಾಸುವುದರಿಂದಲೂ ಪ್ರಯೋಜನವಿದೆ. ಆದರೆ ತೆಳು ಬಟ್ಟೆ ತಾಳದಂತಹ ಎತ್ತರದ ದನಿಯನ್ನು ಹೀರಬಲ್ಲದೇ ಹೊರತು ತಬಲಾದ ಎಡಗೈ ಗುಮ್ಮಿಗೆ ಅದರಿಂದ ಏನೂ ಆಗುವುದಿಲ್ಲ. ಕಿಟಕಿ ರಸ್ತೆಯ ಕಡೆಗಿದ್ದರೆ ಗುಂಗಿನ ಬದಲು ಬಸ್ಸಿನ ಹಾರ್ನ್ ಒಳಗೆ ಬರುತ್ತದೆ. ಹಾಗಿದ್ದಲ್ಲಿ ಒಳಪ್ರಾಕಾರದ ಕಡೆಯ ಕಿಟಕಿ ಬಾಗಿಲುಗಳನ್ನಷ್ಟೇ ತೆರೆಯಬೇಕು. ಫ್ಯಾನು, ಟ್ಯೂಬ್‌ಲೈಟಿನ ಝೇಂಕಾರ, ಪಕ್ಕದ ಪಂಪ್‌ಸೆಟ್ಟು ಇವೆಲ್ಲ ಬಂದ್.

ದೇವಸ್ಥಾನದ ಧ್ವನಿವರ್ಧಕವೂ ಬಂದ್ ಇರಬೇಕು. ಹಾಡುವವರ ದನಿ ನೇರವಾಗಿ ಒಮ್ಮೆ, ಸ್ಪೀಕರಿನಿಂದ ತುಸು ತಡವಾಗಿ ಇನ್ನೊಮ್ಮೆ ಬಂದರೆ ಎರಡೂ ಸೇರಿ ಕೊಳವೆಯೊಳಗಿಂದ ಹಾಡಿದ ಹಾಗೆ ಕೇಳುತ್ತದೆ. ಉತ್ಸವದ ದಿನ ಸ್ಪೀಕರ್ ನಿಲ್ಲಿಸಲು ಆಗದು ಎಂದಾದರೆ ರೆಕಾರ್ಡಿಂಗನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುವುದು ಮೇಲು.

ಎರಡು ಮೈಕು, ಒಂದು ಜೋಡಿ

ಸ್ಟೀರಿಯೋ ಎಂದರೆ ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ದನಿ. ಎಡಕ್ಕೆ ಕೂತವರು ಎಡದಿಂದ, ಬಲಕ್ಕೆ ಕೂತವರು ಬಲದಿಂದ ಕೇಳಿಸಿದರೆ ಗುಂಪಿನ ದನಿ ಹರಡಿಕೊಳ್ಳುತ್ತದೆ. ಹಾಗೆ ಹರಡಿದಾಗ ಒಬ್ಬೊಬ್ಬರ ಮಾತೂ ಬಿಡಿಸಿಕೊಂಡು ಕೇಳುತ್ತದೆ. ಈ ಪದ್ಧತಿಗೆ ತಳಹದಿ ಹಾಕಿದವರು ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೈನ್. ಅವರು 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮುಂದಕ್ಕೂ ಹಿಂದಕ್ಕೂ ಸಮನಾಗಿ ಕೇಳುವ ಎರಡು ಮೈಕುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಡುವ ಅವರ ಜೋಡಣೆಗೆ ಇಂದಿಗೂ ಅವರದೇ ಹೆಸರು. ಒಳ್ಳೆಯ ಸಂಗೀತ ಸಭಾಂಗಣದಲ್ಲಿ ಅದು ಸೊಗಸು. ಗುಂಯ್‌ಗುಡುವ ಮಂಟಪದಲ್ಲಿ ಬೇಡ, ಏಕೆಂದರೆ ಹಿಂದಿನ ಗೋಡೆಯ ಗುಂಗನ್ನೂ ಅದು ಅಷ್ಟೇ ಆಸೆಯಿಂದ ಎಳೆದುಕೊಳ್ಳುತ್ತದೆ. ಸುತ್ತಲೂ ಕೇಳುವ ಎರಡು ಮೈಕುಗಳನ್ನು ದೂರ ದೂರ ನಿಲ್ಲಿಸುವ ಪದ್ಧತಿಗೂ ಇದೇ ತೊಡಕು.

ನಮಗೆ ಬೇಕಾದ್ದು ಕಾರ್ಡಿಯಾಯ್ಡ್ ಮೈಕು. ಇದು ಮುಂದಿನದನ್ನು ಪೂರ್ತಿ ಕೇಳುತ್ತದೆ, ಪಕ್ಕದ್ದನ್ನು ಅರ್ಧ, ಬೆನ್ನ ಹಿಂದಿನದನ್ನು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸುತ್ತಲಿಂದ ಬರುವ ಗುಂಗಿನಲ್ಲಿ ಮೂರನೇ ಒಂದು ಪಾಲಿನ ಶಕ್ತಿಯಷ್ಟೇ ಇದರ ಪಾಲಿಗೆ ಬರುತ್ತದೆ. ಅದರಿಂದ ನಾವು ಲೆಕ್ಕ ಹಾಕಿದ ಗಡಿ 1.7 ಪಟ್ಟು ಹಿಗ್ಗಿ ಒಂದೂವರೆ ಮೀಟರ್ ಆಗುತ್ತದೆ. ಹಾಡುವವರ ಮುಖ ಮೈಕಿನ ಕಡೆಗೇ ಇದ್ದರೆ ದನಿ ಆ ಕಡೆಗೇ ಹೆಚ್ಚು ಹೊರಡುವುದರಿಂದ ಎರಡು ಮೀಟರಿನ ತನಕವೂ ಧೈರ್ಯವಾಗಿ ಹೋಗಬಹುದು.

ಇಂತಹ ಎರಡು ಮೈಕುಗಳನ್ನು ಜೋಡಿಸಲು ಫ್ರಾನ್ಸಿನ ರೇಡಿಯೋದವರು 1960ರ ಹೊತ್ತಿಗೆ ಒಂದು ಅಳತೆ ಕಂಡುಕೊಂಡರು. ಅವರ ಸಂಸ್ಥೆಯ ಹೆಸರಿನಿಂದಲೇ ಅದನ್ನು ಓಆರ್‌ಟಿಎಫ್ ಎಂದು ಕರೆಯುತ್ತಾರೆ. ಎರಡು ಮೈಕುಗಳ ತುದಿಗಳ ನಡುವೆ 17 ಸೆಂಟಿಮೀಟರ್ ಅಂತರ, ಎರಡರ ನಡುವಿನ ಕೋನ 110 ಡಿಗ್ರಿ, ಮುಖ ಹೊರಕ್ಕೆ. ಅಂತರ ನಮ್ಮ ಎರಡು ಕಿವಿಗಳ ಅಂತರಕ್ಕೆ ಹತ್ತಿರ. ಎಡಕ್ಕೆ ಕೂತವರ ದನಿ ಎಡ ಮೈಕಿಗೆ ಜೋರಾಗಿ, ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಮೊದಲೂ ತಲುಪುತ್ತದೆ. ಜೋರು ಮತ್ತು ಮುಂಚೆ, ಈ ಎರಡು ಸುಳಿವುಗಳಿಂದಲೇ ಕಿವಿ ದಿಕ್ಕನ್ನು ಗುರುತಿಸುತ್ತದೆ.

ಜೋಡಿಸುವುದು ಕಷ್ಟವಲ್ಲ. ಒಂದು ಸ್ಟ್ಯಾಂಡಿನ ತುದಿಗೆ ಎರಡು ಮೈಕು ಕೂರುವ ಅಡ್ಡಪಟ್ಟಿ ಹಾಕಿ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ದಪ್ಪ ರಟ್ಟಿನ ಮೇಲೆ 110 ಡಿಗ್ರಿಯ ಎರಡು ಗೆರೆ ಎಳೆದು ಕತ್ತರಿಸಿಟ್ಟುಕೊಳ್ಳಿ. ಆ ರಟ್ಟಿನ ಅಂಚುಗಳಿಗೆ ಮೈಕುಗಳು ಸಮಾನಾಂತರವಾಗಿ ನಿಲ್ಲಬೇಕು. ಬಾಯಿಂದ ಬಾಯಿಗೆ ಅಳತೆಪಟ್ಟಿ ಹಿಡಿದು 17 ಸೆಂಟಿಮೀಟರ್ ನೋಡಿಕೊಳ್ಳಿ. ಎರಡೂ ಒಂದೇ ಮಾದರಿಯ ಚಿಕ್ಕ ಕಂಡೆನ್ಸರ್ ಮೈಕುಗಳಾಗಿರಬೇಕು, ರೆಕಾರ್ಡರಿನಲ್ಲಿ ಅವುಗಳಿಗೆ 48 ವೋಲ್ಟ್ ಕೊಡುವ ಗುಂಡಿ ಹಾಕಿರಬೇಕು. ನಿಮ್ಮ ಬಳಿ ಇರುವುದು ತಲೆಯಲ್ಲೇ ಎರಡು ಮೈಕು ಅಡ್ಡಡ್ಡ ಕೂತಿರುವ ಕೈ ರೆಕಾರ್ಡರ್ ಆದರೂ ಚಿಂತೆಯಿಲ್ಲ. ಎಡಬಲದ ಹರವು ತುಸು ಕಿರಿದಾಗುತ್ತದೆ ಅಷ್ಟೆ. ದೂರ, ಎತ್ತರಗಳ ಲೆಕ್ಕ ಅದಕ್ಕೂ ಹೊಂದುತ್ತದೆ.

ಕೂರಿಸುವುದೇ ಮಿಕ್ಸಿಂಗ್

ಎರಡೇ ಮೈಕಿನಲ್ಲಿ ಹಿಡಿದ ಮೇಲೆ ಹಾರ್ಮೋನಿಯಂ ಒಂದನ್ನೇ ತಗ್ಗಿಸಲು, ಒಬ್ಬರ ದನಿಯನ್ನೇ ಏರಿಸಲು ಆಗದು. ಯಾರು ಎಷ್ಟು ಕೇಳಿಸಬೇಕು ಎಂಬುದು ಅವರು ಎಲ್ಲಿ ಕೂರುತ್ತಾರೆ ಎಂಬುದರಲ್ಲೇ ನಿರ್ಧಾರವಾಗಬೇಕು.

ಹನ್ನೆರಡು ಜನರ ಮಂಡಳಿ ಎಂದಿಟ್ಟುಕೊಳ್ಳಿ. ದೇವರಿಗೆ ಬೆನ್ನು ಹಾಕಿ ಯಾರೂ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಎಲ್ಲರೂ ಗರ್ಭಗುಡಿಯ ಕಡೆ ಮುಖ ಮಾಡಿ ಅರ್ಧಚಂದ್ರಾಕಾರದಲ್ಲಿ ಎರಡು ಸಾಲಾಗಿ ಕೂರಲಿ, ಮುಂದೆ ಐದು, ಹಿಂದೆ ಏಳು. ಮೈಕಿನ ಸ್ಟ್ಯಾಂಡ್ ಅವರಿಗೂ ಗರ್ಭಗುಡಿಗೂ ನಡುವೆ, ಹಾಡುವವರ ಕಡೆ ಮುಖ ಮಾಡಿ ನಿಲ್ಲಲಿ. ಗರ್ಭಗುಡಿಯ ಗೋಡೆಯಿಂದ ಕನಿಷ್ಠ ಮೂರು ಮೀಟರ್ ಈಚೆಗಿದ್ದರೆ ಒಳ್ಳೆಯದು, ಅರ್ಚಕರ ಓಡಾಟಕ್ಕೂ ದಾರಿ ಉಳಿಯುತ್ತದೆ. ಗರ್ಭಗುಡಿಯ ಕಲ್ಲುಗೋಡೆಯಿಂದ ಚಿಮ್ಮಿ ಬರುವ ದನಿ ಮೈಕಿನ ಬೆನ್ನಿಗೆ ಬಡಿಯುತ್ತದೆ. ಈ ಜೋಡಣೆಯಲ್ಲಿ ನೇರ ಹಿಂದಿನಿಂದ ಬಂದದ್ದು 13 ಡೆಸಿಬೆಲ್ಲಿನಷ್ಟು ಕುಗ್ಗುತ್ತದೆ. ಮಂಡಳಿಯ ಹಿಂದೆ ಕೂತ ಕೇಳುಗರು ಆ ಕಡೆಯ ದೂರದ ಗೋಡೆಗೆ ಹೋಗುವ ದನಿಯನ್ನು ಹೀರುತ್ತಾರೆ. ಹಾಡುವವರು ಯಾವ ಗೋಡೆಗೂ ಒರಗದೆ, ಮೂಲೆಯಲ್ಲಿ ಕೂರದೆ ಇರಲಿ. ಮೂಲೆ ತಬಲಾದ ಗುಮ್ಮನ್ನು ಉಬ್ಬಿಸುತ್ತದೆ.

ಇನ್ನು ಅಳತೆ. ಸ್ಟ್ಯಾಂಡಿನ ಬುಡದಿಂದ ಮುಂದಿನ ಸಾಲಿಗೆ ಒಂದೂವರೆ ಮೀಟರ್, ಹಿಂದಿನ ಸಾಲಿಗೆ 2.3 ಮೀಟರ್. ನೆಲದ ಮೇಲೆ ಕೂತವರ ಬಾಯಿ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮೈಕನ್ನು ಅದೇ ಎತ್ತರಕ್ಕೆ ಇಟ್ಟರೆ ಮುಂದಿನವರ ತಲೆಗಳು ಹಿಂದಿನವರ ದನಿಗೆ ಅಡ್ಡ ಬರುತ್ತವೆ. ಹಿಂದಿನ ಸಾಲು ಮುಂದಿನದಕ್ಕಿಂತ ಸುಮಾರು 4 ಡೆಸಿಬೆಲ್ ಕೆಳಗೂ ಹೋಗುತ್ತದೆ. ಮೈಕನ್ನು ನೆಲದಿಂದ ಎರಡು ಮೀಟರ್ ಎತ್ತರಕ್ಕೆ ಏರಿಸಿ, ಎರಡು ಸಾಲಿನ ನಡುವೆ ಗುರಿಯಾಗುವಂತೆ ಕೆಳಕ್ಕೆ ಬಾಗಿಸಿ. ಆಗ ಮುಂದಿನ ಬಾಯಿಗಳಿಗೆ 1.9 ಮೀಟರ್, ಹಿಂದಿನವಕ್ಕೆ 2.6 ಮೀಟರ್ ದೂರವಾಗುತ್ತದೆ. ವ್ಯತ್ಯಾಸ ಎರಡೂವರೆ ಡೆಸಿಬೆಲ್ಲಿಗೆ ಇಳಿಯುತ್ತದೆ. ಮುಂದಿನ ಸಾಲು ಗಡಿಯ ಒಳಗಿದೆ. ಹಿಂದಿನ ಸಾಲು ಗಡಿ ದಾಟಿ ತುಸು ಗುಂಗು ಹೊತ್ತು ಬರುತ್ತದೆ, ಅದರಿಂದ ಅವರು ಹಿಂದೆ ಕೂತಿದ್ದಾರೆ ಎಂಬುದು ಕೇಳುವವರಿಗೆ ಗೊತ್ತಾಗುತ್ತದೆ.

ಓಆರ್‌ಟಿಎಫ್ ಜೋಡಿಯ ಮುಂದೆ ಸುಮಾರು 96 ಡಿಗ್ರಿಯ ಒಳಗೆ ಕೂತವರು ಎಡದಿಂದ ಬಲದ ತನಕ ಸರಿಯಾಗಿ ಹರಡಿಕೊಳ್ಳುತ್ತಾರೆ. ಮೈಕು ಮೇಲಿಂದ ನೋಡುತ್ತಿರುವುದರಿಂದ ಅರ್ಧಚಂದ್ರ ಇನ್ನೂ ಸ್ವಲ್ಪ ಅಗಲವಾದರೂ ನಡೆಯುತ್ತದೆ. ಹಿಂದಿನ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಮೀಟರ್ ಇದ್ದರೆ ಮಿತಿಯಲ್ಲಿದೆ ಎಂದು ಲೆಕ್ಕ. ಅದಕ್ಕಿಂತ ಚಾಚಿಕೊಂಡರೆ ತುದಿಯವರೆಲ್ಲ ಒಂದೊಂದು ಸ್ಪೀಕರಿನೊಳಗೆ ಗುಂಪುಗಟ್ಟಿದಂತೆ ಕೇಳಿಸುತ್ತದೆ.

ಭಜನೆ ಹೇಳಿಕೊಡುವವರು ಮುಂದಿನ ಸಾಲಿನ ನಟ್ಟನಡುವೆ ಕೂರಬೇಕು. ಹಾರ್ಮೋನಿಯಂ ಅವರ ಒಂದು ಪಕ್ಕ, ತಬಲಾ ಇನ್ನೊಂದು ಪಕ್ಕ. ಹಾರ್ಮೋನಿಯಂ ಎಲ್ಲಿಯೂ ಬಿಡುವಿಲ್ಲದೆ ನುಡಿಯುವ ವಾದ್ಯ. ಅದು ಜೋರಾದರೆ ಮಾತಿನ ನಡುವಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಅದನ್ನು ಮೈಕಿಗೆ ಓರೆಯಾಗಿ ತಿರುಗಿಸಿ, ಬೇಡದ ಸ್ಟಾಪ್‌ಗಳನ್ನು ಒತ್ತಿಡಿ. ತಾಳ ಹಿಂದಿನ ಸಾಲಿನಲ್ಲಿ, ನಡುವಿನಿಂದ ತುಸು ಪಕ್ಕಕ್ಕೆ ಇರಲಿ. ತೀರಾ ತುದಿಗೆ ಹೋದರೆ ಹೆಡ್‌ಫೋನಿನಲ್ಲಿ ಕೇಳುವವರ ಒಂದೇ ಕಿವಿಗೆ ಕುಟ್ಟುತ್ತದೆ. ಎದೆಯ ಮಟ್ಟಕ್ಕೆ ಎತ್ತಿ ಹೊಡೆಯುವ ಬದಲು ಮಡಿಲಿನ ಹತ್ತಿರ ಹಿಡಿದು ಹೊಡೆದರೆ ಮುಂದೆ ಕೂತವರ ಮೈಯೇ ಅದಕ್ಕೆ ಮರೆಯಾಗುತ್ತದೆ. ಒಂದು ಜೋಡಿ ತಾಳ ಸಾಕು. ಎಲ್ಲರ ಕೈಯಲ್ಲೂ ತಾಳವಿದ್ದರೆ ಒಂದೊಂದು ಪೆಟ್ಟೂ ಒಡೆದು ಒರಟಾಗುತ್ತದೆ.

ಕಿವಿಯಿಂದ ಪರೀಕ್ಷೆ

ಸೂತ್ರ ನಮ್ಮನ್ನು ಸರಿಯಾದ ಜಾಗದ ಆಸುಪಾಸಿಗೆ ಕರೆತರುತ್ತದೆ, ಕೊನೆಯ ಅರ್ಧ ಮೀಟರನ್ನು ಕಿವಿಯೇ ನಿರ್ಧರಿಸಬೇಕು. ಮಂಡಳಿ ಒಂದು ಚರಣ ಹಾಡುತ್ತಿರುವಾಗ ಒಂದು ಕಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ದೂರದಿಂದ ನಿಧಾನವಾಗಿ ಹತ್ತಿರ ಬನ್ನಿ. ಒಂದೇ ಕಿವಿಯಾದಾಗ ಮಿದುಳಿನ ಸೋಸುವ ಶಕ್ತಿ ಕುಂದಿ, ಗುಂಗು ಮೈಕಿಗೆ ಕೇಳುವಷ್ಟೇ ದೊಡ್ಡದಾಗಿ ಕೇಳತೊಡಗುತ್ತದೆ. ಸ, ತ, ಪ, ಕ ಅಕ್ಷರಗಳು ಯಾವ ಹೆಜ್ಜೆಯಲ್ಲಿ ಚೂಪಾಗುತ್ತವೋ ಅಲ್ಲಿ ನೆಲಕ್ಕೆ ಗುರುತು ಹಾಕಿ, ಸ್ಟ್ಯಾಂಡನ್ನು ಅಲ್ಲಿಂದ ಶುರುಮಾಡಿ.

ದನಿಯ ಮಟ್ಟವನ್ನು ಇಡಬೇಕಾದ್ದು ನಿಧಾನದ ಆರಂಭಕ್ಕಲ್ಲ. ಭಜನೆ ಏರುತ್ತಾ ಏರುತ್ತಾ ಹೋಗುತ್ತದೆ. ಕೊನೆಯ ದ್ರುತ, ಅದರ ಬೆನ್ನಿಗೆ ಬರುವ ಜಯಕಾರ, ಅಲ್ಲಿಯ ತಾಳದ ಪೆಟ್ಟು, ಇಷ್ಟನ್ನು ಮಾಡಿಸಿ ನೋಡಿ. ಆಗಲೂ ಮೀಟರಿನ ಮುಳ್ಳು -12 ಡೆಸಿಬೆಲ್ಲಿನ ಆಸುಪಾಸಿನಲ್ಲೇ ಇರಬೇಕು. ರೆಕಾರ್ಡರ್ 24 ಬಿಟ್‌ನಲ್ಲಿದ್ದರೆ ಮೆಲ್ಲಗಿನ ಭಾಗವನ್ನು ಆಮೇಲೆ ಏರಿಸಿಕೊಳ್ಳಬಹುದು. ತಾಳದ ಪೆಟ್ಟು ಮಿತಿ ಮೀರಿ ಒಡೆದರೆ ಅದನ್ನು ಮತ್ತೆ ಸರಿಮಾಡುವುದು ಕಷ್ಟ. ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೋ ಸೌಲಭ್ಯವನ್ನು ಆರಿಸಿಬಿಡಿ. ಅದು ಚರಣದ ನಡುವಿನ ಬಿಡುವಿನಲ್ಲಿ ದನಿ ಕಡಿಮೆಯಾಯಿತೆಂದು ತಿಳಿದು ಗುಂಗನ್ನೇ ಎತ್ತಿ ತೋರಿಸುತ್ತದೆ.

ಎರಡು ನಿಮಿಷ ಹಿಡಿದು ಹೆಡ್‌ಫೋನಿನಲ್ಲಿ ಕೇಳಿ. ಮಾತು ಮಸುಕಾಗಿದ್ದರೆ ಸ್ಟ್ಯಾಂಡನ್ನು ಒಂದಡಿ ಮುಂದಕ್ಕೆ ತನ್ನಿ. ಮುಂದಿನ ಇಬ್ಬರೇ ಎದ್ದು ಕೇಳಿ ಗುಂಪು ಚದುರಿದಂತಿದ್ದರೆ ಒಂದಡಿ ಹಿಂದಕ್ಕೆ ಒಯ್ಯಿರಿ, ಇಲ್ಲವೇ ಇನ್ನೂ ಮೇಲಕ್ಕೆ ಏರಿಸಿ. ಎಲ್ಲರೂ ಎಡಕ್ಕೂ ಬಲಕ್ಕೂ ಸರಿದು ನಡುವೆ ಖಾಲಿ ಅನಿಸಿದರೆ ಅರ್ಧಚಂದ್ರ ತೀರಾ ಅಗಲವಾಗಿದೆ, ಇಲ್ಲವೇ ಮೈಕುಗಳ ಕೋನ ಅಳತೆ ಮೀರಿದೆ. ಒಂದು ಪಕ್ಕ ಭಾರವಾಗಿದ್ದರೆ ಗುಂಡಿ ತಿರುಗಿಸಬೇಡಿ, ಜೋರು ದನಿಯವರನ್ನು ಇನ್ನೊಂದು ಪಕ್ಕಕ್ಕೆ ಕಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಕೇಳಿ. ಕೊನೆಗೆ ಒಮ್ಮೆ ಮೊಬೈಲಿನ ಒಂದೇ ಸ್ಪೀಕರಿನಲ್ಲೂ ಹಾಕಿ ನೋಡಿ. ಹೆಚ್ಚಿನವರು ವಾಟ್ಸ್‌ಆ್ಯಪಿನಲ್ಲಿ ಬಂದ ಭಜನೆಯನ್ನು ಕೇಳುವುದು ಹಾಗೆಯೇ, ಎಡಬಲ ಎರಡೂ ಒಂದಾದಾಗಲೂ ದನಿ ಟೊಳ್ಳಾಗಬಾರದು.

ಇಷ್ಟಾದರೂ ಕೆಲವು ಮಂಟಪಗಳು ಸೋಲಿಸುತ್ತವೆ. ಎತ್ತರದ ಗುಮ್ಮಟ, ಸುತ್ತ ಬರಿಯ ಕಲ್ಲು, ಹತ್ತೇ ಜನ ಎಂಬಂತಹ ಕಡೆ ಗಡಿ ಅರ್ಧ ಮೀಟರಿಗೆ ಕುಗ್ಗುತ್ತದೆ. ಕಾರ್ಡಿಯಾಯ್ಡ್ ಮೈಕು ಅದನ್ನು ಒಂದು ಮೀಟರಿನ ಸಮೀಪಕ್ಕೆ ತರಬಹುದು. ಅಷ್ಟು ಹತ್ತಿರದಲ್ಲಿ ಹನ್ನೆರಡು ಜನರನ್ನು ಒಂದು ಜೋಡಿ ಹಿಡಿಯಲಾರದು. ಅಂತಹ ಕಡೆ ಮಂಡಳಿಯನ್ನು ಹೆಂಚಿನ ಮಾಡಿನ ಹೊರಜಗಲಿಗೆ ಕರೆತರುವುದೇ ಸರಿ. ಒಂದು ಕಡೆ ಬಯಲಿಗೆ ತೆರೆದ ಜಗಲಿಯೆಂದರೆ ಸೇಬಿನ್ನರ ಲೆಕ್ಕದಲ್ಲಿ ಗೋಡೆಯಷ್ಟೇ ದೊಡ್ಡದೊಂದು ಕಿಟಕಿ. ಗುಂಗು ಕಡಿಮೆಯಾಗಿ ಒಣಗಿದಂತೆ ಕೇಳಿಸಿದರೆ ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದಷ್ಟು ಸೇರಿಸಬಹುದು. ಬೆರೆತುಹೋದ ಗುಂಗನ್ನು ಮಾತಿನಿಂದ ಬಿಡಿಸಿ ತೆಗೆಯುವುದು ಮಾತ್ರ ಬಲು ಕಷ್ಟ.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಮಂಡಳಿಯವರನ್ನೇ ಕೇಳಬೇಡಿ. ಪದ ಅವರಿಗೆ ಬಾಯಿಪಾಠ, ರೆಕಾರ್ಡಿಂಗಿನಲ್ಲಿ ಇಲ್ಲದ ಅಕ್ಷರವೂ ಅವರಿಗೆ ಕೇಳಿಸುತ್ತದೆ. ಆ ಪದವನ್ನು ಹಿಂದೆ ಎಂದೂ ಕೇಳಿರದ ಒಬ್ಬರ ಕೈಗೆ ಕಾಗದ ಪೆನ್ನು ಕೊಟ್ಟು, ಒಮ್ಮೆ ಕೇಳಿಸಿ, ಕೊನೆಯ ಚರಣವನ್ನು ಬರೆಯಲು ಹೇಳಿ. ಅಂಕಿತದ ಸಮೇತ ಬರೆದುಕೊಟ್ಟರೆ ಮೈಕು ನಿಂತ ಜಾಗ ಸರಿಯಾಗಿದೆ. ಆ ದೂರ, ಎತ್ತರ, ಯಾರು ಎಲ್ಲಿ ಕೂತಿದ್ದರು ಎಂಬುದನ್ನೆಲ್ಲ ಮಂಡಳಿಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಏಕಾದಶಿಗೆ ಅಳತೆಪಟ್ಟಿ ಹಿಡಿದು ಹತ್ತು ನಿಮಿಷದಲ್ಲಿ ಅದೇ ಜಾಗಕ್ಕೆ ಬರಬಹುದು.